‘ಮಾದರಿ ಚಿಕ್ಕದು’ ಎಂದಷ್ಟೇ ಬರೆದರೆ ಸಾಲದು: ಒಂದು ಪ್ರಸಿದ್ಧ ಅಧ್ಯಯನವನ್ನು ವಿಮರ್ಶಿಸುವ ಬಗೆ

ಪ್ರಕಟವಾದ ಅಧ್ಯಯನವೊಂದನ್ನು ವಿಮರ್ಶಿಸಿ ಎಂಬ ಅಸೈನ್‌ಮೆಂಟ್ ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ನೋಡಬೇಕಾದದ್ದು ಮೂರು: ಮಾದರಿಯ ಗಾತ್ರ, ಅಳತೆಯ ಸಿಂಧುತ್ವ, ತೀರ್ಮಾನದ ಬಲ. ಬರುವ ಉತ್ತರಗಳೂ ಹೆಚ್ಚಾಗಿ ಮೂರೇ ಸಾಲು. ಮಾದರಿ ಚಿಕ್ಕದಾದ್ದರಿಂದ ಸಾಮಾನ್ಯೀಕರಿಸಲು ಬರುವುದಿಲ್ಲ. ಉಪಕರಣದ ಸಿಂಧುತ್ವದ ಬಗ್ಗೆ ಸಾಕಷ್ಟು ವಿವರವಿಲ್ಲ. ಇನ್ನಷ್ಟು ಸಂಶೋಧನೆ ಬೇಕು. ಈ ಸಾಲುಗಳನ್ನು ಯಾವ ಅಧ್ಯಯನದ ಕೆಳಗೆ ಅಂಟಿಸಿದರೂ ಕೂರುತ್ತವೆ. ಅಂಕ ಬಾರದಿರುವುದೂ ಅದಕ್ಕೇ. ಚಿಕ್ಕದು ಎಂದರೆ ಯಾವ ಮಾತನ್ನು ಹೇಳಲು ಚಿಕ್ಕದು? ಅಳತೆ ಸರಿಯಿಲ್ಲ ಎಂದರೆ ಯಾವ ಮಕ್ಕಳ ಮಟ್ಟಿಗೆ, ಅಂಕಪಟ್ಟಿಯ ಯಾವ ಭಾಗದಲ್ಲಿ? ಇದನ್ನು ತೋರಿಸಲು ಒಂದು ಅಧ್ಯಯನದ ಕೋಷ್ಟಕದೊಳಗೆ ಇಳಿದು ನೋಡುವುದೇ ಸುಲಭದ ದಾರಿ.

ಅದಕ್ಕೆ ಇಲ್ಲಿ ತೆಗೆದುಕೊಂಡಿರುವುದು 1968ರ ‘ಪಿಗ್ಮೇಲಿಯನ್ ಇನ್ ದ ಕ್ಲಾಸ್‌ರೂಮ್’. ಬರೆದವರು ಹಾರ್ವರ್ಡ್‌ನ ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ ಮತ್ತು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಥಮಿಕ ಶಾಲೆಯೊಂದರ ಮುಖ್ಯಸ್ಥೆ ಲೆನೋರ್ ಜೇಕಬ್ಸನ್. ಶಿಕ್ಷಕರ ನಿರೀಕ್ಷೆಯೇ ಮಗುವಿನ ಸಾಧನೆಯನ್ನು ರೂಪಿಸುತ್ತದೆ ಎಂಬ ಮಾತು ಇಂದಿಗೂ ತರಬೇತಿ ತರಗತಿಗಳಲ್ಲಿ ಈ ಅಧ್ಯಯನದ ಹೆಸರಿನಲ್ಲೇ ಓಡಾಡುತ್ತದೆ. ಹಾಗಾಗಿ ಅದರ ಕೋಷ್ಟಕ ಏನು ಹೇಳುತ್ತದೆಂದು ನೋಡುವುದರಲ್ಲಿ ಅರ್ಥವಿದೆ.

ಮೊದಲು ಪ್ರಯೋಗ, ಆಮೇಲೆ ಟೀಕೆ

1964ರ ವಸಂತದಲ್ಲಿ ಆ ಶಾಲೆಯ ಮಕ್ಕಳಿಗೆ ಒಂದು ಪರೀಕ್ಷೆ ಕೊಡಲಾಯಿತು. ಯಾವ ಮಗು ಸದ್ಯದಲ್ಲೇ ಬೌದ್ಧಿಕವಾಗಿ ಚಿಗುರಲಿದೆ ಎಂಬುದನ್ನು ಮೊದಲೇ ತಿಳಿಸುವ ಹಾರ್ವರ್ಡ್‌ನ ಹೊಸ ಪರೀಕ್ಷೆ ಇದು ಎಂದು ಶಿಕ್ಷಕರನ್ನು ನಂಬಿಸಲಾಗಿತ್ತು. ನಿಜದಲ್ಲಿ ಅದು ಟೋಗಾ ಎಂಬ ಸಾಮಾನ್ಯ ಸಾಮರ್ಥ್ಯದ ಗುಂಪು ಪರೀಕ್ಷೆ. ಹೊಸ ಶಾಲಾವರ್ಷದಲ್ಲಿ ಪ್ರತಿ ಶಿಕ್ಷಕರಿಗೂ ‘ಚಿಗುರಲಿರುವ’ ಕೆಲವು ಮಕ್ಕಳ ಹೆಸರು ಕೊಟ್ಟರು. ಒಟ್ಟು ಮಕ್ಕಳಲ್ಲಿ ಸುಮಾರು ಶೇಕಡ 20ರಷ್ಟು ಇದ್ದ ಈ ಹೆಸರುಗಳನ್ನು ಪರೀಕ್ಷೆಯ ಅಂಕ ನೋಡದೆ ಯಾದೃಚ್ಛಿಕವಾಗಿ ಆರಿಸಲಾಗಿತ್ತು. ಆರು ತರಗತಿ, ಪ್ರತಿ ತರಗತಿಯಲ್ಲೂ ಮಕ್ಕಳ ಮಟ್ಟಕ್ಕೆ ತಕ್ಕಂತೆ ಮೂರು ವಿಭಾಗ, ಹೀಗೆ ಒಟ್ಟು 18 ಕೋಣೆಗಳು. ಶಾಲಾವರ್ಷದ ಕೊನೆಗೆ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟು, ಐಕ್ಯೂ ಎಷ್ಟು ಏರಿತು ಎಂದು ಹೋಲಿಸಿದರು.

ವಿಮರ್ಶೆಯ ಮೊದಲ ಪ್ಯಾರಾದಲ್ಲಿ ಇಷ್ಟನ್ನು ಬರೆದು, ಅಧ್ಯಯನದ ವಾದವನ್ನು ಒಂದೇ ವಾಕ್ಯಕ್ಕೆ ಇಳಿಸಿ: ‘ಮಗು ಚಿಗುರಲಿದೆ ಎಂದು ಶಿಕ್ಷಕರು ನಂಬಿದರೆ ಆ ಮಗುವಿನ ಐಕ್ಯೂ ಹೆಚ್ಚು ಏರುತ್ತದೆ.’ ಮುಂದೆ ಬರೆಯುವ ಪ್ರತಿ ಟೀಕೆಯೂ ಈ ವಾಕ್ಯದ ಯಾವುದೋ ಒಂದು ಪದವನ್ನು ಮುಟ್ಟಬೇಕು. ಯಾವ ಪದವನ್ನೂ ಮುಟ್ಟದ ಟೀಕೆಯನ್ನು ಹೊಡೆದುಹಾಕಬಹುದು.

ಒಳ್ಳೆಯದನ್ನೂ ಇಲ್ಲೇ ದಾಖಲಿಸುವುದು ನ್ಯಾಯ. ಹೆಸರುಗಳನ್ನು ಯಾದೃಚ್ಛಿಕವಾಗಿ ಆರಿಸಿದ್ದರಿಂದ ಜಾಣ ಮಕ್ಕಳೇ ಪಟ್ಟಿಗೆ ಸೇರಿಬಿಟ್ಟರು ಎಂಬ ಆಕ್ಷೇಪಕ್ಕೆ ಆಸ್ಪದವಿಲ್ಲ. ಪಟ್ಟಿಯಲ್ಲಿದ್ದವರೂ ಇಲ್ಲದವರೂ ಒಂದೇ ಕೋಣೆಯಲ್ಲಿದ್ದುದರಿಂದ ಒಳ್ಳೆಯ ಶಿಕ್ಷಕರು ಒಂದೇ ಗುಂಪಿಗೆ ಸಿಕ್ಕರು ಎನ್ನುವಂತೆಯೂ ಇಲ್ಲ. ಇದನ್ನು ಹೇಳದೆ ನೇರವಾಗಿ ದೋಷಪಟ್ಟಿಗೆ ಇಳಿದ ವಿಮರ್ಶೆ, ವಿನ್ಯಾಸವನ್ನೇ ಓದಿಲ್ಲವೆಂದು ತಾನೇ ಒಪ್ಪಿಕೊಂಡಂತೆ.

ಕೋಷ್ಟಕವನ್ನು ಅಡ್ಡಡ್ಡ ಓದುವುದು

ಒಂದು ವರ್ಷದ ನಂತರದ ಒಟ್ಟು ಐಕ್ಯೂ ಏರಿಕೆ ಹೀಗಿದೆ. ಆವರಣದಲ್ಲಿರುವುದು ಮಕ್ಕಳ ಸಂಖ್ಯೆ.

| ತರಗತಿ | ಪಟ್ಟಿಯಲ್ಲಿಲ್ಲದವರು | ಪಟ್ಟಿಯಲ್ಲಿದ್ದವರು | ವ್ಯತ್ಯಾಸ |
|---|---|---|---|
| 1 | 12.0 (48) | 27.4 (7) | 15.4 |
| 2 | 7.0 (47) | 16.5 (12) | 9.5 |
| 3 | 5.0 (40) | 5.0 (14) | 0.0 |
| 4 | 2.2 (49) | 5.6 (12) | 3.4 |
| 5 | 17.5 (26) | 17.4 (9) | −0.1 |
| 6 | 10.7 (45) | 10.0 (11) | −0.7 |
| ಒಟ್ಟು | 8.42 (255) | 12.22 (65) | 3.80 |

ಸಾರಾಂಶ ಓದಿದವರು ಕೊನೆಯ ಸಾಲಿನಲ್ಲೇ ನಿಂತುಬಿಡುತ್ತಾರೆ. 320 ಮಕ್ಕಳು, 3.8 ಅಂಕಗಳ ವ್ಯತ್ಯಾಸ, ಸಂಖ್ಯಾಶಾಸ್ತ್ರೀಯವಾಗಿ ಗಮನಾರ್ಹ. ಇದನ್ನು ನೋಡಿ ‘ಮಾದರಿ ಚಿಕ್ಕದು’ ಎಂದು ಬರೆದರೆ ಓದುವವರಿಗೆ ನಗು ಬರಬಹುದು, ಏಕೆಂದರೆ ಒಂದು ಶಾಲೆಯ ಪ್ರಯೋಗಕ್ಕೆ 320 ತೀರ ಕಡಿಮೆಯೇನಲ್ಲ. ಆದರೆ ಮೇಲಿನ ಎರಡು ಸಾಲನ್ನು ಕೈಯಿಂದ ಮುಚ್ಚಿ ಉಳಿದದ್ದನ್ನು ಲೆಕ್ಕ ಹಾಕಿ. ಮೂರರಿಂದ ಆರನೇ ತರಗತಿಯವರೆಗೆ ಪಟ್ಟಿಯಲ್ಲಿದ್ದ 46 ಮಕ್ಕಳ ಸರಾಸರಿ ಏರಿಕೆ 8.8, ಇಲ್ಲದ 160 ಮಕ್ಕಳದು 7.8. ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಅಂಕ. ಅಂದರೆ ಅಧ್ಯಯನದ ಖ್ಯಾತಿಯ ಭಾರವನ್ನೆಲ್ಲ ಹೊತ್ತವರು ಮೊದಲೆರಡು ತರಗತಿಗಳ 19 ಮಕ್ಕಳು. ಅದರಲ್ಲೂ ಅತಿ ದೊಡ್ಡ ಅಂಕಿ ನಿಂತಿರುವುದು ಏಳು ಮಕ್ಕಳ ಮೇಲೆ.

ವಿಮರ್ಶೆಯಲ್ಲಿ ಬರೆಯಬೇಕಾದ ಮಾದರಿ ಗಾತ್ರ ಇದು: ತೀರ್ಮಾನ ಯಾವ ಮಕ್ಕಳಿಂದ ಬಂದಿದೆಯೋ ಅವರ ಸಂಖ್ಯೆ. ಶೀರ್ಷಿಕೆಯಲ್ಲಿ ಬರುವ ಒಟ್ಟು ಸಂಖ್ಯೆ ಬಹಳ ಸಲ ಇದನ್ನು ಮರೆಮಾಡುತ್ತದೆ.

ಏಳು ಕಡಿಮೆ ಎಂದರೆ ಎಷ್ಟು ಕಡಿಮೆ? ಇದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಎರಡು ಗುಂಪುಗಳ ಸರಾಸರಿಗಳ ವ್ಯತ್ಯಾಸ ಎಷ್ಟು ಅಲುಗಾಡಬಹುದು ಎಂಬುದನ್ನು ಮಾನಕ ದೋಷ ಹೇಳುತ್ತದೆ. ಏರಿಕೆಯ ಮಾನಕ ವಿಚಲನೆ s, ಗುಂಪುಗಳ ಗಾತ್ರ n1 ಮತ್ತು n2 ಆದರೆ:

```
SE = s * sqrt(1/n1 + 1/n2)
```

s ಸುಮಾರು 15 ಎಂದು ಇಟ್ಟುಕೊಳ್ಳೋಣ. ಐಕ್ಯೂ ಅಂಕಗಳಿಗೆ ಅದು ವಾಡಿಕೆಯ ಹರಹು. 7 ಮತ್ತು 48 ಹಾಕಿದರೆ ಮಾನಕ ದೋಷ 6.1 ಬರುತ್ತದೆ. ಅದನ್ನು ಎರಡರಿಂದ ಗುಣಿಸಿ 15.4ರ ಎರಡೂ ಕಡೆ ಇಟ್ಟರೆ, ನಿಜವಾದ ಪರಿಣಾಮ 3ರಿಂದ 28ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂದಾಗುತ್ತದೆ. ಮೂರು ಅಂಕ ಎಂದರೆ ಶಿಕ್ಷಕರ ಕಣ್ಣಿಗೇ ಬೀಳದ ಬದಲಾವಣೆ. 28 ಎಂದರೆ ಮಗುವಿನ ಶಾಲಾಜೀವನವನ್ನೇ ತಿರುಗಿಸುವಂಥದ್ದು. ಎರಡಕ್ಕೂ ಜಾಗ ಕೊಡುವ ಫಲಿತಾಂಶದಿಂದ ‘ಪರಿಣಾಮ ಇದೆ’ ಎನ್ನಬಹುದೇನೋ, ‘ಪರಿಣಾಮ ಇಷ್ಟು’ ಎನ್ನಲಾಗದು. s 15ಕ್ಕಿಂತ ದೊಡ್ಡದಿದ್ದರೆ ‘ಇದೆ’ ಎಂಬುದೂ ಜಾರತೊಡಗುತ್ತದೆ: 20 ಇಟ್ಟು ನೋಡಿದರೆ ಕೆಳಗಿನ ತುದಿ ಸೊನ್ನೆಯನ್ನು ಮುಟ್ಟಿಬಿಡುತ್ತದೆ. ಅಸೈನ್‌ಮೆಂಟಿನಲ್ಲಿ s ಎಲ್ಲಿಂದ ಬಂತು ಎಂದು ಹೇಳುವುದು ಮುಖ್ಯ. ಮೂಲದಲ್ಲಿ ಕೊಟ್ಟಿದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಇಲ್ಲಿ ಮಾಡಿದಂತೆ ಇದು ಊಹೆ ಎಂದು ಬರೆದು, ಬೇರೊಂದು ಬೆಲೆಯನ್ನೂ ಹಾಕಿ ತೋರಿಸಬೇಕು.

ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಸುಲಭ, ಕೆಲವೊಮ್ಮೆ ಇದಕ್ಕಿಂತಲೂ ಹರಿತ. ಒಂದು ಮಗುವನ್ನು ತೆಗೆದರೆ ಏನಾಗುತ್ತದೆ? ಏಳು ಮಕ್ಕಳ ಗುಂಪಿನಲ್ಲಿ ಒಬ್ಬರ ಅಂಕ 70ರಷ್ಟು ಜಿಗಿದರೆ ಸರಾಸರಿಗೆ ಆ ಒಬ್ಬರಿಂದಲೇ 10 ಅಂಕ ಸೇರುತ್ತದೆ. ಐಕ್ಯೂ ಒಂದು ವರ್ಷದಲ್ಲಿ 70 ಜಿಗಿಯುವುದುಂಟೇ ಎಂದು ಕೇಳಬಹುದು. ಮಗುವಿನಲ್ಲಿ ಜಿಗಿಯುವುದಿಲ್ಲ, ಪರೀಕ್ಷೆಯಲ್ಲಿ ಜಿಗಿಯಬಹುದು. ಇಲ್ಲಿಂದ ಅಳತೆಯ ಪ್ರಶ್ನೆ ಶುರುವಾಗುತ್ತದೆ.

ಅದಕ್ಕೆ ಮೊದಲು ಒಂದು ಮಾತು. ಮಕ್ಕಳು 320 ಇದ್ದರೂ ಶಿಕ್ಷಕರ ಕೋಣೆಗಳು 18, ಒಂದನೇ ತರಗತಿಗೆ ಮೂರೇ ಮೂರು. ನಿರೀಕ್ಷೆ ಇಟ್ಟುಕೊಳ್ಳುವವರು ಶಿಕ್ಷಕರು. ಹಾಗಿರುವಾಗ ಒಂದನೇ ತರಗತಿಯ ಶಿಕ್ಷಕರು ಸಾಮಾನ್ಯವಾಗಿ ಹೀಗೆ ವರ್ತಿಸುತ್ತಾರೆ ಎಂದು ಹೇಳಲು ನಮ್ಮ ಕೈಯಲ್ಲಿರುವ ಮಾದರಿ ಮೂರು. ಮಕ್ಕಳನ್ನು ಎಣಿಸಿ ಶಿಕ್ಷಕರ ಬಗ್ಗೆ ತೀರ್ಮಾನಿಸುವುದು ಶಿಕ್ಷಣ ಸಂಶೋಧನೆಯಲ್ಲಿ ಎಲ್ಲೆಡೆ ಕಾಣುವ ಜಾರುವಿಕೆ. ಯಾವ ಅಧ್ಯಯನ ಓದಿದರೂ ವಾದ ಯಾರ ಬಗ್ಗೆ, ಎಣಿಕೆ ಯಾರದ್ದು ಎಂದು ಒಮ್ಮೆ ಹೊಂದಿಸಿ ನೋಡಬೇಕು.

ಅಳತೆಗೋಲಿನ ತುದಿ ಎಲ್ಲಿ ಮುರಿದಿದೆ

ಸಿಂಧುತ್ವ ಎಂದೊಡನೆ ಹೆಚ್ಚಿನವರು ಉಪಕರಣದ ಕೈಪಿಡಿ ಹುಡುಕಿ, ಅದರಲ್ಲಿರುವ ಗುಣಾಂಕವನ್ನು ನಕಲು ಮಾಡುತ್ತಾರೆ. ಆದರೆ ಸಿಂಧುತ್ವ ಪರೀಕ್ಷೆಗೆ ಅಂಟಿಕೊಂಡ ಗುಣವೇ ಅಲ್ಲ. ಈ ಮಕ್ಕಳ ಈ ಅಂಕಕ್ಕೆ ಈ ಅರ್ಥ ಹಚ್ಚುವುದು ಸರಿಯೇ ಎಂಬುದೇ ಪ್ರಶ್ನೆ. ಒಂದು ವಯಸ್ಸಿಗೆ ಚೆನ್ನಾಗಿ ಕೆಲಸ ಮಾಡುವ ಪರೀಕ್ಷೆ ಇನ್ನೊಂದು ವಯಸ್ಸಿಗೆ ಬರೀ ಗದ್ದಲ ಅಳೆಯಬಹುದು.

ಮೇಲಿನ ಕೋಷ್ಟಕದ ಎರಡನೇ ಅಂಕಣಕ್ಕೆ ಮರಳಿ. ಐದನೇ ತರಗತಿಯಲ್ಲಿ ಪಟ್ಟಿಯಲ್ಲಿಲ್ಲದ ಮಕ್ಕಳ ಐಕ್ಯೂ 17.5 ಅಂಕ ಏರಿದೆ. ಇವರು ಚಿಗುರುತ್ತಾರೆಂದು ಯಾರೂ ಹೇಳಿರಲಿಲ್ಲ, ಯಾರೂ ಏನೂ ಮಾಡಿರಲಿಲ್ಲ. ಆದರೂ ಆ ಏರಿಕೆ ಒಂದನೇ ತರಗತಿಯ ಪ್ರಸಿದ್ಧ 15.4ರ ವ್ಯತ್ಯಾಸಕ್ಕಿಂತ ದೊಡ್ಡದು. ಐಕ್ಯೂವನ್ನು ವಯಸ್ಸಿಗೆ ತಕ್ಕಂತೆ ಹೊಂದಿಸಿ ಕೊಡುವುದರಿಂದ, ಏನೂ ಆಗದ ಮಕ್ಕಳಲ್ಲಿ ಅದು ಸರಾಸರಿಯಾಗಿ ನಿಂತಲ್ಲೇ ನಿಲ್ಲಬೇಕು. ಅದೇ ಪರೀಕ್ಷೆಯನ್ನು ಮತ್ತೆ ಬರೆದುದರಿಂದ ಬಂದ ಅಭ್ಯಾಸ ಒಂದಿಷ್ಟು ಏರಿಸಬಹುದು. ಆದರೆ ಮೂರನೇ ತರಗತಿಯಲ್ಲಿ 5, ನಾಲ್ಕರಲ್ಲಿ 2.2, ಐದರಲ್ಲಿ ಥಟ್ಟನೆ 17.5 ಎಂದರೆ ಅಳತೆಯೇ ತರಗತಿಯಿಂದ ತರಗತಿಗೆ ಬೇರೆಬೇರೆಯಾಗಿ ನಡೆದುಕೊಳ್ಳುತ್ತಿದೆ ಎಂದರ್ಥ. ನಿಯಂತ್ರಿತ ಗುಂಪಿನ ಅಂಕಣ ಓದದೆ ವ್ಯತ್ಯಾಸದ ಅಂಕಣಕ್ಕೆ ಹಾರುವವರಿಗೆ ಇದು ಕಾಣುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಅಳತೆಯ ಆರೋಗ್ಯ ತಿಳಿಯಲು ಇಡೀ ಪ್ರಬಂಧದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಅಧ್ಯಯನ ಹೊರಬಂದ ವರ್ಷವೇ ಮಾಪನ ತಜ್ಞ ರಾಬರ್ಟ್ ಥಾರ್ನ್‌ಡೈಕ್ ಕಚ್ಚಾ ಸರಾಸರಿಗಳನ್ನು ಹಿಡಿದು ಕೂತರು. ಟೋಗಾದಲ್ಲಿ ಭಾಷೆಯ ಭಾಗ, ತರ್ಕದ ಭಾಗ ಎಂದು ಎರಡಿವೆ. ಒಂದನೇ ತರಗತಿಯ ಕೆಳ ವಿಭಾಗದ 19 ಮಕ್ಕಳ ತರ್ಕದ ಐಕ್ಯೂ ಮೊದಲ ಪರೀಕ್ಷೆಯಲ್ಲಿ ಸರಾಸರಿ 31ರ ಆಸುಪಾಸಿನಲ್ಲಿತ್ತು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುವ ಹಳೆಯ ಲೆಕ್ಕದಲ್ಲಿ ಆರು ವರ್ಷದ ಮಗುವಿಗೆ 31 ಎಂದರೆ ಮಾನಸಿಕ ವಯಸ್ಸು ಎರಡು ವರ್ಷವೂ ತುಂಬಿಲ್ಲ. ಸಾಮಾನ್ಯ ಶಾಲೆಯೊಂದರ ಇಡೀ ಕೋಣೆ ಹಾಗಿರುವುದು ಸಾಧ್ಯವೇ? ಮತ್ತೊಂದು ತುದಿಯಲ್ಲಿ, ಎರಡನೇ ತರಗತಿಯ ಮೇಲು ವಿಭಾಗದಲ್ಲಿ ಪಟ್ಟಿಯಲ್ಲಿದ್ದ ಆರು ಮಕ್ಕಳ ತರ್ಕದ ಐಕ್ಯೂ ಕೊನೆಯ ಪರೀಕ್ಷೆಯಲ್ಲಿ ಸರಾಸರಿ 150. ಗಡಿಯಾರ ಹದಿಮೂರು ಬಾರಿಸಿದರೆ ಆ ಕೊನೆಯ ಒಂದು ಹೊಡೆತದ ಮೇಲಷ್ಟೇ ಅಲ್ಲ, ಹಿಂದಿನ ಹನ್ನೆರಡರ ಮೇಲೂ ಅನುಮಾನ ಬರುತ್ತದೆ ಎಂಬ ಅರ್ಥದ ಮಾತನ್ನು ಥಾರ್ನ್‌ಡೈಕ್ ಬರೆದದ್ದು ಇದಕ್ಕೇ. 1971ರಲ್ಲಿ ಜಾನೆಟ್ ಎಲಾಶಾಫ್ ಮತ್ತು ರಿಚರ್ಡ್ ಸ್ನೋ ಅದೇ ದತ್ತಾಂಶವನ್ನು ಮಗು ಮಗುವಾಗಿ ಮರುಪರಿಶೀಲಿಸಿದಾಗ, ತರ್ಕದಲ್ಲಿ 17 ಇದ್ದ ಮಗುವೊಂದು ಮುಂದಿನ ಪರೀಕ್ಷೆಯಲ್ಲಿ 148ಕ್ಕೆ ಏರಿದಂಥ ದಾಖಲೆಗಳು ಸಿಕ್ಕವು.

ಹೀಗೇಕಾಗುತ್ತದೆ? ಇದು ಇಡೀ ಕೋಣೆಗೆ ಒಟ್ಟಿಗೆ ಕೊಡುವ ಕಾಗದದ ಪರೀಕ್ಷೆ. ಸೂಚನೆ ಕೇಳಿ ಸರಿಯಾದ ಜಾಗದಲ್ಲಿ ಗುರುತು ಹಾಕುವುದನ್ನೇ ಇನ್ನೂ ಕಲಿಯದ ಮಗು ಹಾಳೆಯನ್ನು ಅರ್ಧಕ್ಕೇ ಬಿಟ್ಟರೆ ಕಚ್ಚಾ ಅಂಕ ಒಂದೋ ಎರಡೋ ಆಗುತ್ತದೆ. ಅಷ್ಟು ಕೆಳಗಿನ ಅಂಕಗಳಿಗೆ ಪರೀಕ್ಷೆಯ ಮಾನಕ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ. ಗೆರೆಯನ್ನು ಪಟ್ಟಿಯಾಚೆಗೆ ಎಳೆದು ಒಂದು ಐಕ್ಯೂ ಕೊಡಬೇಕಾಗುತ್ತದೆ. ಮುಂದಿನ ವರ್ಷ ಅದೇ ಮಗು ಸುಮ್ಮನೆ ಎಲ್ಲ ಪ್ರಶ್ನೆಗೂ ಗುರುತು ಹಾಕಿದರೂ ಅಂಕ ಮೇಲಕ್ಕೆ ಹಾರುತ್ತದೆ. ಇದನ್ನು ಪತ್ತೆ ಹಚ್ಚುವ ಉಪಾಯ ಯಾವ ಬಹು ಆಯ್ಕೆಯ ಪರೀಕ್ಷೆಗೂ ಒಂದೇ: ಕಣ್ಣು ಮುಚ್ಚಿ ಉತ್ತರಿಸಿದರೆ ಎಷ್ಟು ಸರಿಯಾಗುತ್ತದೆ ಎಂದು ಲೆಕ್ಕ ಹಾಕಿ. ಐದು ಆಯ್ಕೆಗಳ 25 ಪ್ರಶ್ನೆಗಳಿದ್ದರೆ ಸುಮಾರು 5. ಒಂದು ಗುಂಪಿನ ಸರಾಸರಿ ಅದಕ್ಕಿಂತ ಕೆಳಗಿದ್ದರೆ ಅಲ್ಲಿ ಅಳೆದದ್ದು ತರ್ಕಶಕ್ತಿಯಲ್ಲ, ಮಕ್ಕಳು ಪರೀಕ್ಷೆಗೆ ಕೈಯಿಟ್ಟರೋ ಇಲ್ಲವೋ ಎಂಬುದನ್ನು.

ಇಲ್ಲಿ ವಿದ್ಯಾರ್ಥಿಗಳು ಆತುರದಿಂದ ಒಂದು ತಪ್ಪು ಮಾಡುತ್ತಾರೆ. ಅಳತೆ ಕೆಟ್ಟಿದೆ, ಹಾಗಾಗಿ ಫಲಿತಾಂಶ ಸುಳ್ಳು ಎಂದುಬಿಡುತ್ತಾರೆ. ಅಷ್ಟು ನೇರವಲ್ಲ. ಕೆಟ್ಟ ಅಳತೆ ಎರಡೂ ಗುಂಪುಗಳನ್ನು ಸಮಾನವಾಗಿ ತಟ್ಟುತ್ತದೆ. ಆಯ್ಕೆ ಯಾದೃಚ್ಛಿಕವಾಗಿರುವಾಗ ಅದು ಯಾವ ಗುಂಪಿನ ಪರವಾಗಿಯೂ ವಾಲುವುದಿಲ್ಲ. ಗುಂಪುಗಳು ದೊಡ್ಡದಿದ್ದರೆ ಈ ಏರುಪೇರು ಒಂದನ್ನೊಂದು ಅಳಿಸಿಕೊಂಡು ಹೋಗುತ್ತದೆ. ಆದರೆ ಅಳತೆ ಅತಿ ಕೆಟ್ಟಿರುವುದು ಒಂದನೇ ಮತ್ತು ಎರಡನೇ ತರಗತಿಯಲ್ಲಿ, ಇಡೀ ತೀರ್ಮಾನ ನಿಂತಿರುವುದೂ ಅಲ್ಲೇ, ಅಲ್ಲಿರುವ ಪಟ್ಟಿಯ ಮಕ್ಕಳು 7 ಮತ್ತು 12. ಏಳು ಮಕ್ಕಳಲ್ಲಿ ಏರುಪೇರು ಅಳಿಸಿಕೊಳ್ಳುವಷ್ಟು ಜಾಗವಿಲ್ಲ. ಮಾದರಿಯ ದೋಷವನ್ನೂ ಅಳತೆಯ ದೋಷವನ್ನೂ ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಬರೆದಿಟ್ಟು ಮುಗಿಸಿದರೆ ಈ ಅಧ್ಯಯನದ ನಿಜವಾದ ದೌರ್ಬಲ್ಯ ತಪ್ಪಿಹೋಗುತ್ತದೆ. ಅವೆರಡೂ ಒಂದೇ ಮೂಲೆಯಲ್ಲಿ ಕೂಡಿರುವುದೇ ಇಲ್ಲಿನ ತೊಂದರೆ.

ಪರೀಕ್ಷೆ ನಡೆಸಿದವರು ಯಾರು ಎಂಬುದನ್ನೂ ಕೇಳಬೇಕು. ಇಲ್ಲಿ ಪರೀಕ್ಷೆ ಕೊಟ್ಟವರು ತರಗತಿಯ ಶಿಕ್ಷಕರೇ, ಅಂದರೆ ಪಟ್ಟಿ ನೋಡಿದವರೇ. ಒಂದು ಮಗುವಿಗೆ ಸೂಚನೆಯನ್ನು ಎರಡು ಸಲ ಹೇಳಿದರೂ ಅಂಕ ಬದಲಾಗಬಹುದು. ಆದರೆ ಈ ಶಂಕೆಯನ್ನು ಬರೆಯುವ ಮೊದಲು, ಸಂಶೋಧಕರು ಅದನ್ನು ತಡೆಯಲು ಅಥವಾ ಪರೀಕ್ಷಿಸಲು ಏನಾದರೂ ಮಾಡಿದ್ದಾರೆಯೇ ಎಂದು ಮೂಲದಲ್ಲೇ ಹುಡುಕುವುದು ವಿಮರ್ಶಕರ ಕರ್ತವ್ಯ.

ತೀರ್ಮಾನ ಎಷ್ಟು ದೂರ ಹೋಗಬಹುದು

ಆರಂಭದಲ್ಲಿ ಬರೆದಿಟ್ಟ ಒಂದು ವಾಕ್ಯದ ವಾದವನ್ನು ಈಗ ತುಂಡು ಮಾಡಿ. ‘ಶಿಕ್ಷಕರು ನಂಬಿದರೆ’ ಎಂಬುದು ಮೊದಲ ತುಂಡು. ಪ್ರಯೋಗದಲ್ಲಿ ಬದಲಿಸಿದ್ದು ಶಿಕ್ಷಕರ ಕೈಗೆ ಕೊಟ್ಟ ಹೆಸರಿನ ಪಟ್ಟಿಯನ್ನು. ನಂಬಿಕೆ ಬದಲಾಯಿತೇ ಎಂಬುದು ಅದರ ಮೇಲೆ ಕಟ್ಟಿದ ಊಹೆ. ಮುಂದೆ ವಿಚಾರಿಸಿದಾಗ ಹೆಚ್ಚಿನ ಶಿಕ್ಷಕರು ಪಟ್ಟಿಯ ಮೇಲೆ ಕಣ್ಣಾಡಿಸಿದ್ದಷ್ಟೇ, ಅದಕ್ಕೆ ಅಷ್ಟೇನೂ ಗಮನ ಕೊಟ್ಟಿರಲಿಲ್ಲ ಎಂದರು. ಹಾಗಾದರೆ ಪರಿಣಾಮ ಯಾವ ದಾರಿಯಲ್ಲಿ ಹರಿಯಿತು? ಕೋಣೆಯೊಳಗೆ ಕೂತು ಯಾರನ್ನು ಎಷ್ಟು ಸಲ ಪ್ರಶ್ನಿಸಿದರು, ಎಷ್ಟು ಹೊತ್ತು ಕಾದರು ಎಂದು ಗಮನಿಸಿದ ದಾಖಲೆ ಈ ಅಧ್ಯಯನದಲ್ಲಿ ಇಲ್ಲದಿರುವುದರಿಂದ ದಾರಿಯ ಬಗ್ಗೆ ಹೇಳುವ ಮಾತೆಲ್ಲ ಊಹೆಯ ಸಾಲಿಗೇ ಸೇರಬೇಕು.

‘ಐಕ್ಯೂ’ ಎಂಬ ತುಂಡನ್ನು ಮೇಲೆಯೇ ನೋಡಿದೆವು. ಕೆಳತರಗತಿಗಳಲ್ಲಿ ಅದನ್ನು ‘ಈ ಗುಂಪು ಪರೀಕ್ಷೆಯ ಅಂಕ’ ಎಂದು ಓದಿಕೊಳ್ಳುವುದು ಸುರಕ್ಷಿತ. ‘ಮಗುವಿನ’ ಎಂಬಲ್ಲಿ ಯಾವ ಮಗು ಎಂದು ಕೇಳಬೇಕು. ಮೂರನೇ ತರಗತಿಯಿಂದಾಚೆ ಫಲಿತಾಂಶ ಹೆಚ್ಚುಕಡಿಮೆ ಬರಿದು. ಕಾಲದ ಮಿತಿಯೂ ಉಂಟು: ಎರಡನೇ ವರ್ಷದ ಪರೀಕ್ಷೆಯ ಹೊತ್ತಿಗೆ ಚಿಕ್ಕ ಮಕ್ಕಳ ಮುನ್ನಡೆ ಕರಗಿತ್ತು ಎಂದು ಲೇಖಕರೇ ದಾಖಲಿಸಿದ್ದಾರೆ.

ತೀರ್ಮಾನದ ಬಲ ಅಳೆಯಲು ಒಂದೇ ಅಧ್ಯಯನದ ಒಳಗೇ ಸುತ್ತಬೇಕಿಲ್ಲ. ಅದೇ ಪ್ರಯೋಗವನ್ನು ಬೇರೆಯವರು ಮಾಡಿದಾಗ ಏನಾಯಿತು ಎಂಬ ಒಂದು ಪ್ಯಾರಾ ಅಸೈನ್‌ಮೆಂಟಿನ ತೂಕವನ್ನೇ ಬದಲಿಸುತ್ತದೆ. 1984ರಲ್ಲಿ ಸ್ಟೀಫನ್ ರೌಡನ್‌ಬುಷ್ ಇಂಥ 18 ಪ್ರಯೋಗಗಳನ್ನು ಒಟ್ಟಿಗೆ ವಿಶ್ಲೇಷಿಸಿದರು. ಪಟ್ಟಿ ಕೈಸೇರುವ ಹೊತ್ತಿಗೆ ಶಿಕ್ಷಕರಿಗೆ ಮಕ್ಕಳ ಪರಿಚಯ ಎಷ್ಟು ದಿನದ್ದು ಎಂಬುದರ ಮೇಲೆ ಫಲಿತಾಂಶ ನಿಂತಿತ್ತು. ಎರಡು ವಾರಕ್ಕಿಂತ ಹೆಚ್ಚು ಪರಿಚಯವಿದ್ದಲ್ಲಿ ಪರಿಣಾಮ ಬಹುತೇಕ ಕಾಣಲಿಲ್ಲ. ಹೊಸ ಮಕ್ಕಳಾಗಿದ್ದಲ್ಲಿ ಕಂಡಿತು. ತರಗತಿವಾರು ನೋಡಿದಾಗ ಒಂದು, ಎರಡು ಮತ್ತು ಏಳನೇ ತರಗತಿಗಳಲ್ಲಿ ಅದು ಹೆಚ್ಚಾಗಿತ್ತು. ಹೆಸರಿನ ಹಿಂದೆ ಒಂದು ಖ್ಯಾತಿ ಇನ್ನೂ ಅಂಟಿರದ ಮಕ್ಕಳ ಬಗ್ಗೆ ಮಾತ್ರ ಹೊರಗಿನ ಸುದ್ದಿಯನ್ನು ಶಿಕ್ಷಕರು ನಂಬಿದರೆಂದು ಇದನ್ನು ಓದಬಹುದು. ಒಂದನೇ ತರಗತಿಯ ಆ 15.4 ಅಳತೆಯ ಗದ್ದಲದಿಂದ ಉಬ್ಬಿರಬಹುದು, ಆದರೂ ಬರಿಯ ಗದ್ದಲವೇ ಆಗಿರಲಿಕ್ಕಿಲ್ಲ ಎಂಬ ಸುಳಿವು ಇಲ್ಲಿದೆ. ನಿರೀಕ್ಷೆಯ ಸಂಶೋಧನೆಗಳನ್ನೆಲ್ಲ 2005ರಲ್ಲಿ ಪರಾಮರ್ಶಿಸಿದ ಲೀ ಜುಸ್ಸಿಮ್ ಮತ್ತು ಕೆಂಟ್ ಹಾರ್ಬರ್ ಕೂಡ ಪರಿಣಾಮ ಇದೆ, ಸಾಮಾನ್ಯವಾಗಿ ಚಿಕ್ಕದು ಎಂಬಲ್ಲಿಗೇ ಬಂದು ನಿಂತರು.

ವಿಮರ್ಶೆಯ ಕೊನೆಯಲ್ಲಿ ‘ಇನ್ನಷ್ಟು ಸಂಶೋಧನೆ ಬೇಕು’ ಎಂಬ ಸಾಲಿನ ಜಾಗಕ್ಕೆ, ದತ್ತಾಂಶ ಹೊರಬಲ್ಲಷ್ಟೇ ಭಾರದ ತೀರ್ಮಾನವನ್ನು ನೀವೇ ಬರೆದುಕೊಡಿ. ಈ ಅಧ್ಯಯನಕ್ಕೆ ಅದು ಹೀಗಿರಬಹುದು: ‘ಒಂದು ಶಾಲೆಯಲ್ಲಿ, ಶಿಕ್ಷಕರಿಗೆ ಯಾದೃಚ್ಛಿಕವಾಗಿ ಆರಿಸಿದ ಹೆಸರುಗಳನ್ನು ಕೊಟ್ಟಾಗ, ಮೊದಲೆರಡು ತರಗತಿಗಳಲ್ಲಿ ಹೆಸರಿದ್ದ 19 ಮಕ್ಕಳ ಗುಂಪು ಪರೀಕ್ಷೆಯ ಅಂಕ ಒಂದು ವರ್ಷದಲ್ಲಿ ಉಳಿದವರಿಗಿಂತ ಹೆಚ್ಚು ಏರಿತು, ಆ ವಯಸ್ಸಿನಲ್ಲಿ ಪರೀಕ್ಷೆಯ ಅಂಕಗಳು ನಂಬಲರ್ಹವಲ್ಲದ ಕಾರಣ ಏರಿಕೆಯ ಪ್ರಮಾಣವನ್ನು ಹೇಳಲಾಗದು, ಮೂರನೇ ತರಗತಿಯಿಂದ ಮೇಲೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.’ ಈ ವಾಕ್ಯವನ್ನು ಮೂಲದ ತೀರ್ಮಾನದ ಪಕ್ಕದಲ್ಲಿಟ್ಟು, ಎರಡರ ನಡುವೆ ಕಳಚಿಬಿದ್ದ ಪ್ರತಿ ಪದಕ್ಕೂ ಕೋಷ್ಟಕದ ಯಾವ ಸಾಲು ಕಾರಣ ಎಂದು ಬರೆದರೆ ಅಸೈನ್‌ಮೆಂಟು ಮುಗಿಯಿತು.